ಲಾಭಕ್ಕೆ ತೆರಿಗೆ, ನಷ್ಟಕ್ಕೆ ಸೊನ್ನೆ: ಕ್ರಿಪ್ಟೋ ಲೆಕ್ಕದ ಒಂದು ಕಥೆ

ನಮ್ಮ ಉಪ್ಪನ ಅಂಗಡಿಯಲ್ಲಿ ಒಂದು ಉದ್ದ ಪುಸ್ತಕ ಇತ್ತು. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಮಳೆಗಾಲದಲ್ಲಿ ಎರಡು ಗೋಣಿ ನೀರುಳ್ಳಿ ಕೊಳೆತು ಹೋದರೆ ಅದೂ ಪುಸ್ತಕದಲ್ಲಿ, ಅದೇ ತಿಂಗಳು ತೆಂಗಿನೆಣ್ಣೆಯಲ್ಲಿ ನಾಲ್ಕು ಕಾಸು ಉಳಿದರೆ ಅದೂ ಪುಸ್ತಕದಲ್ಲಿ. ವರ್ಷದ ಕೊನೆಗೆ ಎರಡನ್ನೂ ಕೂಡಿಸಿ ಕಳೆದು ಏನು ಉಳಿಯಿತೋ ಅದಕ್ಕೇ ಉಪ್ಪ ಲಾಭ ಅಂತ ಹೇಳುತ್ತಿದ್ದದ್ದು. ನೀರುಳ್ಳಿಯ ನಷ್ಟ ಬೇರೆ, ಎಣ್ಣೆಯ ಲಾಭ ಬೇರೆ, ನಷ್ಟವನ್ನು ನೀನು ನುಂಗು, ಲಾಭಕ್ಕೆ ಮಾತ್ರ ತೆರಿಗೆ ಕಟ್ಟು ಅಂತ ಯಾರಾದರೂ ಹೇಳಿದ್ದರೆ ಉಪ್ಪ ಅವರನ್ನು ಕೂರಿಸಿ ಒಂದು ಚಾ ಕುಡಿಸಿ ಕಳಿಸುತ್ತಿದ್ದರು, ಪಾಪ, ತಲೆ ಸರಿ ಇಲ್ಲ ಅಂತ.

ಆದರೆ ಬಿಟ್‌ಕಾಯಿನ್ ಮತ್ತು ಅದರ ಜಾತಿಯ ಎಲ್ಲದರ ವಿಷಯದಲ್ಲಿ ನಮ್ಮ ದೇಶದ ಆದಾಯ ತೆರಿಗೆ ಕಾನೂನು ಹೇಳುವುದು ಅದನ್ನೇ. ನಮ್ಮಲ್ಲಿ ಎಷ್ಟೋ ಹುಡುಗರು ಈ ವ್ಯಾಪಾರ ಮಾಡುತ್ತಾರೆ, ಮನೆಯಲ್ಲಿ ಹೇಳುವುದಿಲ್ಲ ಅಷ್ಟೆ. ನನಗೂ ಇದರ ಪೂರ್ತಿ ಲೆಕ್ಕ ತಿಳಿದದ್ದು ಮಾವನ ಮಗ ಮೊಬೈಲ್ ಹಿಡಿದುಕೊಂಡು ಬಂದು ಎದುರು ಕೂತಾಗ. ಅವನಿಗೆ ಉಪ್ಪಳ ಕಡೆ ಸಣ್ಣ ಮೊಬೈಲ್ ರಿಪೇರಿ ಅಂಗಡಿ ಇದೆ. "ಕಾಕ, ನಾನು ಒಂದು ಪೈಸೆ ಲಾಭ ಮಾಡಲಿಲ್ಲ. ಮತ್ತೆ ಮೂವತ್ತೇಳು ಸಾವಿರ ತೆರಿಗೆ ಎಲ್ಲಿಂದ?" ಅಂತ ಕೇಳಿದ. ಸಿಎ ಹತ್ತಿರ ಹೋಗಿ ಬಂದಿದ್ದ. ಅಲ್ಲಿ ಹೇಳಿದ ಮೊತ್ತ ಅವನಿಗೆ ನಂಬಿಕೆ ಬಂದಿರಲಿಲ್ಲ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವ, ತೆರಿಗೆಯವನಲ್ಲ. ಆದರೆ ಲೆಕ್ಕ ತಾಳೆ ಆಗದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಎರಡು ರಾತ್ರಿ ಕೂತು ಅವನ ವ್ಯವಹಾರವನ್ನು ಒಂದೊಂದಾಗಿ ಕಾಗದದಲ್ಲಿ ಬರೆದೆ. ಸಿಎ ಹೇಳಿದ್ದು ಸರಿ ಇತ್ತು.

ಅವನು ಮಾಡಿದ್ದು ಇಷ್ಟೇ. 2025ರ ಜೂನ್‌ನಲ್ಲಿ ಎರಡು ಲಕ್ಷ ರೂಪಾಯಿಗೆ ಒಂದು ಕಾಯಿನ್ ಕೊಂಡ. ಕೆಲವು ತಿಂಗಳ ನಂತರ ಅದನ್ನು 3,20,000ಕ್ಕೆ ಮಾರಿದ. ಲಾಭ 1,20,000. ಎಕ್ಸ್‌ಚೇಂಜಿನವರು ಮಾರಿದ ಮೊತ್ತದ ಶೇಕಡಾ 1, ಅಂದರೆ 3,200 ರೂಪಾಯಿ ಟಿಡಿಎಸ್ ಹಿಡಿದುಕೊಂಡರು. ಕೈಗೆ ಬಂದದ್ದು 3,16,800. ಅದರಲ್ಲಿ ಮೂರು ಲಕ್ಷ ತೆಗೆದು ಬೇರೆ ಒಂದು ಕಾಯಿನ್‌ಗೆ ಹಾಕಿದ. ಅದು ಇಳಿಯಿತು. ಇಳಿಯುತ್ತಾ ಹೋಯಿತು. ಮಾರ್ಚ್ ಕೊನೆಯ ವಾರ ಅದನ್ನು 1,80,000ಕ್ಕೆ ಮಾರಿದ. ನಷ್ಟ ಸರಿಯಾಗಿ 1,20,000. ಅದರ ಮೇಲೂ 1,800 ಟಿಡಿಎಸ್ ಹೋಯಿತು. ಎಕ್ಸ್‌ಚೇಂಜಿನ ಕಮಿಷನ್ ಮತ್ತು ಅದರ ಜಿಎಸ್‌ಟಿಯನ್ನು ನಾನು ಇಲ್ಲಿ ಬಿಟ್ಟಿದ್ದೇನೆ, ಓದುವವರಿಗೆ ತಲೆ ತಿರುಗಬಾರದು ಅಂತ.

ಉಪ್ಪನ ಪುಸ್ತಕದಲ್ಲಿ ಬರೆದರೆ ಇದು ಸೊನ್ನೆ. ಎರಡು ಲಕ್ಷದಲ್ಲಿ ಶುರು, ಎರಡು ಲಕ್ಷದಲ್ಲಿ ಮುಗಿತು. ಟಿಡಿಎಸ್ ಹೋದ 5,000 ಕೂಡಾ ಅವನ ಪ್ಯಾನ್ ಹೆಸರಲ್ಲಿ ಸರಕಾರದ ಹತ್ತಿರ ಜಮಾ ಇದೆ. ಆದರೆ ತೆರಿಗೆ ಪುಸ್ತಕದಲ್ಲಿ ಎರಡು ಮಾರಾಟ ಎರಡು ಬೇರೆ ಬೇರೆ ಪುಟ. ಮೊದಲ ಪುಟದಲ್ಲಿ 1,20,000 ಲಾಭ. ಅದಕ್ಕೆ ಶೇಕಡಾ 30, ಅಂದರೆ 36,000. ಅದರ ಮೇಲೆ ಶೇಕಡಾ 4 ಸೆಸ್ 1,440. ಒಟ್ಟು 37,440. ಎರಡನೇ ಪುಟದಲ್ಲಿ ನಷ್ಟ, ಆದ್ದರಿಂದ ಅಲ್ಲಿ ಸೊನ್ನೆ. ಟಿಡಿಎಸ್ 5,000 ಕಳೆದು ಅವನು ಕೈಯಿಂದ ಕಟ್ಟಬೇಕಾದದ್ದು 32,440. ಮಾರ್ಚ್ ಒಳಗೆ ಮುಂಗಡ ತೆರಿಗೆ ಅಂತ ಕಟ್ಟದ ಕಾರಣ ಅದಕ್ಕೆ ಬಡ್ಡಿ ಬೇರೆ. ಎರಡು ಲಕ್ಷ ಇಟ್ಟುಕೊಂಡು ಹೊರಟವನ ಹತ್ತಿರ ಕೊನೆಗೆ 1,62,560 ಉಳಿಯಿತು, ಬಡ್ಡಿ ಹಿಡಿಯದೆ.

ಇದು ಸಿಎಯ ತಪ್ಪಲ್ಲ, ಎಕ್ಸ್‌ಚೇಂಜಿನದ್ದೂ ಅಲ್ಲ. 2022ರ ಬಜೆಟ್‌ನಲ್ಲಿ ಆದಾಯ ತೆರಿಗೆ ಕಾಯ್ದೆಗೆ 115ಬಿಬಿಎಚ್ ಅಂತ ಒಂದು ಸೆಕ್ಷನ್ ಸೇರಿಸಿದರು. ಅದು ಆ ವರ್ಷದ ಏಪ್ರಿಲ್ 1ರ ನಂತರದ ವ್ಯವಹಾರಗಳಿಗೆ ಅನ್ವಯ. ಕ್ರಿಪ್ಟೋ, ಎನ್‌ಎಫ್‌ಟಿ ಎಲ್ಲ ಸೇರಿ ಅದಕ್ಕೆ ಕಾನೂನಿನಲ್ಲಿ ವರ್ಚುವಲ್ ಡಿಜಿಟಲ್ ಅಸೆಟ್ ಅಂತ ಹೆಸರು, ಚಿಕ್ಕದಾಗಿ ವಿಡಿಎ. ಆ ಸೆಕ್ಷನ್ ಹೇಳುವುದು ಮುಖ್ಯವಾಗಿ ಮೂರು ಮಾತು. ಲಾಭದ ಮೇಲೆ ಶೇಕಡಾ 30 ತೆರಿಗೆ. ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವ ಹಾಗಿಲ್ಲ. ನಷ್ಟವನ್ನು ಯಾವ ಆದಾಯದ ಎದುರೂ ಹೊಂದಿಸುವ ಹಾಗಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವ ಹಾಗಿಲ್ಲ.

ಈ ಮೂರನೇ ಮಾತಿನ ಹಿಂದೆ ಒಂದು ಸಣ್ಣ ಕಥೆ ಇದೆ. ಮಸೂದೆ ಮೊದಲು ಬಂದಾಗ ನಷ್ಟವನ್ನು ಕಾಯ್ದೆಯ "ಬೇರೆ" ಯಾವುದೇ ನಿಯಮದಡಿಯ ಆದಾಯದ ಎದುರು ಹೊಂದಿಸಬಾರದು ಅಂತ ಇತ್ತು. ಬೇರೆ ಅಂದರೆ ಸಂಬಳ, ಅಂಗಡಿ ಆದಾಯ ಇತ್ಯಾದಿ, ಹಾಗಾದರೆ ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದು ಕಾಯಿನ್‌ನ ಲಾಭದಲ್ಲಿ ಕಳೆಯಬಹುದಲ್ಲ ಅಂತ ಕೆಲವರು ಓದಿಕೊಂಡರು. 2022ರ ಮಾರ್ಚ್‌ನಲ್ಲಿ ಹಣಕಾಸು ರಾಜ್ಯ ಸಚಿವ ಪಂಕಜ್ ಚೌಧರಿ ಲೋಕಸಭೆಯಲ್ಲಿ ಲಿಖಿತ ಉತ್ತರ ಕೊಟ್ಟು ಅದೂ ಆಗುವುದಿಲ್ಲ ಅಂದರು. ಮಸೂದೆ ಪಾಸಾಗುವಾಗ ಆ "ಬೇರೆ" ಎಂಬ ಒಂದು ಪದವನ್ನು ಕಿತ್ತು ಹಾಕಿದ್ದರು. ಒಂದು ಪದ ಹೋಯಿತು, ನಮ್ಮ ಹುಡುಗನ 37 ಸಾವಿರವೂ ಅದರ ಜೊತೆ ಹೋಯಿತು.

ಈಗ 2026ರ ಏಪ್ರಿಲ್ 1ರಿಂದ 1961ರ ಹಳೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಸೆಕ್ಷನ್ ನಂಬರ್ ಎಲ್ಲ ಬದಲಾಗಿದೆ. ನಷ್ಟದ ಈ ನಿಯಮ ಬದಲಾಗಿಲ್ಲ.

ನಮ್ಮವನಿಗೆ ಹೆಚ್ಚು ಬೇಸರ ಆದದ್ದು ಮತ್ತೊಂದು ಕಾರಣಕ್ಕೆ. ಮಾರ್ಚ್ ಕೊನೆಗೆ ಅವನು ಆ ಎರಡನೇ ಕಾಯಿನ್ ಮಾರಿದ್ದು ಹಣದ ಅಗತ್ಯಕ್ಕಲ್ಲ. ಷೇರು ಮಾರ್ಕೆಟ್‌ನಲ್ಲಿ ಇರುವ ಒಬ್ಬ ಗೆಳೆಯ ಹೇಳಿದ್ದನಂತೆ, ವರ್ಷ ಮುಗಿಯುವ ಮೊದಲು ನಷ್ಟವನ್ನು ಬುಕ್ ಮಾಡು, ಲಾಭದ ಎದುರು ಸರಿ ಹೋಗುತ್ತದೆ, ಮತ್ತೆ ಬೇಕಾದರೆ ಅದೇ ಬೆಲೆಗೆ ಕೊಂಡುಕೋ ಅಂತ. ಷೇರಿನಲ್ಲಿ ಇದು ಸರಿಯಾದ ಬುದ್ಧಿ. ಅಲ್ಲಿ ಅಲ್ಪಾವಧಿ ನಷ್ಟವನ್ನು ಲಾಭದ ಎದುರು ಕಳೆಯಬಹುದು, ಉಳಿದರೆ ಎಂಟು ವರ್ಷ ಮುಂದೆ ಒಯ್ಯಬಹುದು. ಮಾರ್ಚ್ ಬಂದರೆ ಯೂಟ್ಯೂಬ್ ತುಂಬಾ ಇದೇ ಪಾಠ. ಆದರೆ ಕ್ರಿಪ್ಟೋದಲ್ಲಿ ಇದೇ ಬುದ್ಧಿ ತಲೆಕೆಳಗಾಗಿ ಕೆಲಸ ಮಾಡುತ್ತದೆ.

ಹೇಗೆ ಅಂತ ನೋಡಿ. ಅವನು 1,80,000ಕ್ಕೆ ಮಾರಿ, ಟಿಡಿಎಸ್‌ನಲ್ಲಿ ಹೋದ ಸ್ವಲ್ಪವನ್ನು ಕೈಯಿಂದ ಹಾಕಿ, ಅದೇ ದಿನ ಅದೇ ಕಾಯಿನ್ ಅನ್ನು 1,80,000ಕ್ಕೆ ತಿರುಗಿ ಕೊಂಡ. ಮಾರಿದ್ದರಿಂದ ಅವನ ತೆರಿಗೆ ಒಂದು ರೂಪಾಯಿಯೂ ಕಮ್ಮಿ ಆಗಲಿಲ್ಲ. ಆದರೆ ಪುಸ್ತಕದಲ್ಲಿ ಅವನ ಕೊಂಡ ಬೆಲೆ ಮೂರು ಲಕ್ಷದಿಂದ 1,80,000ಕ್ಕೆ ಇಳಿದು ಬಿಟ್ಟಿತು. ನಾಳೆ ಆ ಕಾಯಿನ್ ಮತ್ತೆ ಮೂರು ಲಕ್ಷಕ್ಕೆ ಏರಿದರೆ, ಮಾರದೆ ಸುಮ್ಮನೆ ಇಟ್ಟುಕೊಂಡವನಿಗೆ ಲಾಭ ಸೊನ್ನೆ, ತೆರಿಗೆ ಸೊನ್ನೆ. ನಮ್ಮವನಿಗೆ 1,20,000 ಲಾಭ, ತೆರಿಗೆ ಇನ್ನೊಂದು 37,440. ಅವನ ಹಣ ಒಂದು ಪೈಸೆ ಹೆಚ್ಚಾಗದೆ, ಬರೀ ಇಳಿದ ಜಾಗಕ್ಕೆ ವಾಪಸು ಏರಿದ್ದಕ್ಕೆ. ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಷ್ಟ ತೋರಿಸಲಿಕ್ಕೆ ಅಂತಲೇ ಮಾರುವುದು ಕ್ರಿಪ್ಟೋದಲ್ಲಿ ಬರೀ ದಂಡ.

ಇನ್ನೊಂದು ದೊಡ್ಡ ತಪ್ಪು ಕಲ್ಪನೆ, ಹಣ ಬ್ಯಾಂಕಿಗೆ ಬಂದರೆ ಮಾತ್ರ ತೆರಿಗೆ ಅನ್ನುವುದು. ಒಂದು ಕಾಯಿನ್ ಕೊಟ್ಟು ಇನ್ನೊಂದು ಕಾಯಿನ್ ತೆಗೆದುಕೊಂಡರೂ ಅದು ಮಾರಾಟವೇ. ಬಿಟ್‌ಕಾಯಿನ್ ಅನ್ನು ಯುಎಸ್‌ಡಿಟಿ ಮಾಡಿ ಇಟ್ಟರೆ ಅದು ಡಾಲರ್ ಹಾಗೆ ಕಾಣುತ್ತದೆ, ಆದರೆ ಕಾನೂನಿಗೆ ಅದೂ ಒಂದು ವಿಡಿಎ. ಆ ದಿನದ ರೂಪಾಯಿ ಬೆಲೆಯಲ್ಲಿ ಲಾಭ ಲೆಕ್ಕ ಹಾಕಬೇಕು. ದಿನಕ್ಕೆ ನಾಲ್ಕು ಸಲ ಅಲ್ಲಿಂದ ಇಲ್ಲಿಗೆ ಹಾರಿಸುವವರು ಪ್ರತಿ ಹಾರಿಕೆಗೂ ಒಂದು ಪುಟ ಬರೆಯುತ್ತಿದ್ದಾರೆ, ಅವರಿಗೆ ಗೊತ್ತಿಲ್ಲ ಅಷ್ಟೆ. ಮತ್ತೆ ಪ್ರತಿ ಮಾರಾಟಕ್ಕೂ ಶೇಕಡಾ 1 ಟಿಡಿಎಸ್. ಒಂದು ಲಕ್ಷ ಹಿಡಿದುಕೊಂಡು ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ಐವತ್ತು ಸಲ ಮಾರಿ ಕೊಂಡರೆ ಕೈಯಲ್ಲಿ ಉಳಿಯುವುದು ಸುಮಾರು 60,500. ಉಳಿದದ್ದು ಟಿಡಿಎಸ್ ಆಗಿ ಸರಕಾರದ ಹತ್ತಿರ ಕೂತಿರುತ್ತದೆ. ಅದು ಕಳೆದು ಹೋದದ್ದಲ್ಲ, ರಿಟರ್ನ್ ಹಾಕಿದರೆ ತೆರಿಗೆಯಲ್ಲಿ ಕಳೆಯುತ್ತಾರೆ ಅಥವಾ ರೀಫಂಡ್ ಬರುತ್ತದೆ. ರಿಟರ್ನ್ ಹಾಕದಿದ್ದರೆ ಹೋಯಿತು.

ಈ ಟಿಡಿಎಸ್‌ನಿಂದಲೇ ಇಲಾಖೆಗೆ ಎಲ್ಲ ಗೊತ್ತಾಗುವುದು. ಮಾವನ ಮಗನ ಎಐಎಸ್ ತೆರೆದು ನೋಡಿದಾಗ ಎರಡು ಮಾರಾಟ ಸೇರಿ ಐದು ಲಕ್ಷ ಅಂತ ಇತ್ತು. "ನಾನು ಐದು ಲಕ್ಷ ದುಡಿದೆ ಅಂತ ಇವರು ಅಂದುಕೊಂಡರಾ?" ಅಂತ ಹೆದರಿದ. ಅಲ್ಲಿ ಇರುವುದು ಮಾರಿದ ಮೊತ್ತ, ಲಾಭ ಅಲ್ಲ. ಕೊಂಡ ಬೆಲೆ ಎಷ್ಟು ಅಂತ ಹೇಳಬೇಕಾದದ್ದು, ಅದಕ್ಕೆ ಕಾಗದ ಇಟ್ಟುಕೊಳ್ಳಬೇಕಾದದ್ದು ನಾವು. ರಿಟರ್ನ್‌ನಲ್ಲಿ ಅದಕ್ಕೆ Schedule VDA ಅಂತ ಒಂದು ಪಟ್ಟಿ ಇದೆ. ಕೊಂಡ ದಿನ, ಮಾರಿದ ದಿನ, ಕೊಂಡ ಬೆಲೆ, ಮಾರಿದ ಬೆಲೆ, ಕೊನೆಗೆ ಆದಾಯ. ಆ ಕೊನೆಯ ಕಾಲಂನಲ್ಲಿ ನಷ್ಟ ಇದ್ದರೆ ಸೊನ್ನೆ ಅಂತ ಬರೆಯಿರಿ ಅಂತ ಫಾರಂ ತಾನೇ ಹೇಳುತ್ತದೆ. ಎಷ್ಟು ಚೊಕ್ಕ ನೋಡಿ, ನಷ್ಟಕ್ಕೆ ಬರೆಯಲಿಕ್ಕೆ ಜಾಗವೇ ಇಲ್ಲ.

ಅಂಗಡಿ ಇರುವ ನಮ್ಮವರು ಇಲ್ಲಿ ಮತ್ತೊಂದು ಕಡೆ ಜಾರುತ್ತಾರೆ. ಸಣ್ಣ ವ್ಯಾಪಾರಿಗಳು ಹೆಚ್ಚಾಗಿ ಅಂದಾಜು ಲಾಭದ ಪದ್ಧತಿಯಲ್ಲಿ ITR-4 ಹಾಕುತ್ತಾರೆ. ನಾಲ್ಕು ಪುಟದ ಸುಲಭ ಕೆಲಸ. ಆದರೆ ವಿಡಿಎ ಆದಾಯ ಇದ್ದರೆ ಆ ಫಾರಂ ನಡೆಯುವುದಿಲ್ಲ, ITR-3 ಹಾಕಬೇಕು. ಸಂಬಳದವರಿಗೆ ITR-1 ನಡೆಯುವುದಿಲ್ಲ, ITR-2 ಬೇಕು. ಹಳೆ ಅಭ್ಯಾಸದಲ್ಲಿ ITR-4 ಹಾಕಿ ಕ್ರಿಪ್ಟೋ ವಿಷಯ ಬಿಟ್ಟರೆ, ಟಿಡಿಎಸ್ ಒಂದು ಕಡೆ ಹೇಳುತ್ತದೆ, ರಿಟರ್ನ್ ಇನ್ನೊಂದು ಕಡೆ ಹೇಳುತ್ತದೆ, ನೋಟಿಸ್ ಬರುವುದು ಆಗಲೇ.

"ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲ ಅಲ್ಲವಾ ಕಾಕ?" ಅಂತಲೂ ಕೇಳಿದ. ಅವನ ಅಂಗಡಿ ಆದಾಯ 4,80,000. ಅದಕ್ಕೆ ಹೊಸ ಪದ್ಧತಿಯಲ್ಲಿ ರಿಬೇಟ್ ಸಿಗುತ್ತದೆ, ತೆರಿಗೆ ಇಲ್ಲ, ಸರಿ. ಆದರೆ ಆ ರಿಬೇಟ್ ವಿಶೇಷ ದರದ ಆದಾಯಕ್ಕೆ ಇಲ್ಲ ಅಂತ 2025ರ ಹಣಕಾಸು ಕಾಯ್ದೆಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಕ್ರಿಪ್ಟೋ ಲಾಭ ವಿಶೇಷ ದರದ ಆದಾಯ. ಅಂಗಡಿಯೇ ಇಲ್ಲದ, ಬೇರೆ ಒಂದು ರೂಪಾಯಿ ಆದಾಯ ಇಲ್ಲದ ಕಾಲೇಜು ಹುಡುಗನೂ ಹತ್ತು ಸಾವಿರ ಲಾಭ ಮಾಡಿದರೆ ಅದಕ್ಕೆ ಮೂರು ಸಾವಿರದ ನೂರ ಇಪ್ಪತ್ತು ಕಟ್ಟಬೇಕು.

ನಮ್ಮ ಮನೆಗಳಲ್ಲಿ ಇನ್ನೊಂದು ಪದ್ಧತಿ ಇದೆ, ಅದನ್ನು ಹೇಳದೆ ಇರಲಿಕ್ಕೆ ಆಗುವುದಿಲ್ಲ. ಅಣ್ಣ ಗಲ್ಫ್‌ನಲ್ಲಿ, ತಮ್ಮ ಊರಲ್ಲಿ. ಅಣ್ಣ ಹಣ ಕಳಿಸುತ್ತಾನೆ, ತಮ್ಮನ ಖಾತೆಯಲ್ಲಿ ಕಾಯಿನ್ ಕೊಳ್ಳುತ್ತಾರೆ, ಲಾಭ ಅಣ್ಣನದ್ದು ಅಂತ ಬಾಯಿಮಾತು. ಅಣ್ಣ ತಮ್ಮನಿಗೆ ಕೊಟ್ಟ ಹಣಕ್ಕೆ ತೆರಿಗೆ ಇಲ್ಲ, ಅದು ಸಂಬಂಧಿಕರ ಉಡುಗೊರೆ. ಆದರೆ ಆಮೇಲಿನ ಪ್ರತಿ ಮಾರಾಟದ ಟಿಡಿಎಸ್ ತಮ್ಮನ ಪ್ಯಾನ್‌ಗೆ ಹೋಗುತ್ತದೆ, ಇಲಾಖೆ ಕೇಳುವುದು ತಮ್ಮನನ್ನು. ಲಾಭ ಬಂದಾಗ ಹಂಚಿಕೊಂಡು, ಮುಂದಿನ ಜುಲೈಯಲ್ಲಿ ತೆರಿಗೆ ಯಾರು ಕಟ್ಟುವುದು ಅಂತ ಒಂದೇ ಉಮ್ಮನ ಮಕ್ಕಳು ಮಾತು ಬಿಟ್ಟದ್ದನ್ನು ನಾನು ನೋಡಿದ್ದೇನೆ. ಹಣ ಹಾಕುವ ಮೊದಲೇ ಮೂವತ್ತು ಭಾಗ ತೆರಿಗೆಗೆ ಬದಿಗೆ ಇಡುವುದು ಅಂತ ಮಾತಾಡಿಕೊಂಡರೆ ಈ ಜಗಳ ಇಲ್ಲ. ಪ್ರತಿ ಲಾಭದ ಮೂವತ್ತು ಭಾಗ ಅಂತ ನೆನಪಿರಲಿ, ವರ್ಷದ ಕೊನೆಗೆ ಉಳಿದ ಲಾಭದ್ದಲ್ಲ.

ಇದೆಲ್ಲದರಿಂದ ತಪ್ಪಿಸಿಕೊಳ್ಳಲಿಕ್ಕೆ ಕೆಲವರು ಎಕ್ಸ್‌ಚೇಂಜ್ ಬಿಟ್ಟು ಕೈಯಿಂದ ಕೈಗೆ ಯುಎಸ್‌ಡಿಟಿ ಮಾರುತ್ತಾರೆ. ಬೆಲೆಯೂ ಎರಡು ರೂಪಾಯಿ ಹೆಚ್ಚು ಸಿಗುತ್ತದೆ. ಆ ಹೆಚ್ಚು ಎಲ್ಲಿಂದ ಅಂತ ಒಮ್ಮೆ ಯೋಚಿಸಬೇಕು. ನಮ್ಮ ಪರಿಚಯದ ಒಬ್ಬ ಹೀಗೆ ಮಾರಿದ, ಹಣ ಖಾತೆಗೆ ಬಂತು, ಹದಿನೈದು ದಿನದಲ್ಲಿ ಖಾತೆ ಫ್ರೀಜ್. ಅವನಿಗೆ ಬಂದ ಹಣ ಬೇರೆ ರಾಜ್ಯದಲ್ಲಿ ಯಾರದ್ದೋ ಖಾತೆಯಿಂದ ಮೋಸ ಮಾಡಿ ಎಳೆದದ್ದು. ಅಲ್ಲಿನ ಸೈಬರ್ ಪೊಲೀಸರು ಹಣ ಹೋದ ದಾರಿಯ ಖಾತೆಗಳನ್ನೆಲ್ಲ ತಡೆದಿದ್ದರು. ತಂಗಿಯ ಮದುವೆಗೆ ಇಟ್ಟಿದ್ದ ಹಣವೂ ಅದೇ ಖಾತೆಯಲ್ಲಿತ್ತು. ತೆರಿಗೆಯ 30 ಭಾಗ ಉಳಿಸಲಿಕ್ಕೆ ಹೋಗಿ ನೂರು ಭಾಗ ಸಿಕ್ಕಿಬಿದ್ದದ್ದು ಇದು. ಮತ್ತೆ ಹಾಗೆ ಮಾರಿದರೂ ತೆರಿಗೆ ತಪ್ಪುವುದಿಲ್ಲ, ಟಿಡಿಎಸ್ ಹಿಡಿಯುವ ಜವಾಬ್ದಾರಿ ಎಕ್ಸ್‌ಚೇಂಜಿನಿಂದ ಕೊಳ್ಳುವವನ ತಲೆಗೆ ಬರುತ್ತದೆ ಅಷ್ಟೆ.

ನನ್ನ ತಕರಾರು ಶೇಕಡಾ 30ರ ಬಗ್ಗೆ ಅಲ್ಲ. ಸಟ್ಟಾ ಸ್ವಭಾವದ ವ್ಯವಹಾರ, ಹೆಚ್ಚು ತೆರಿಗೆ ಹಾಕುತ್ತೇವೆ ಅಂದರೆ ಹಾಕಲಿ. ಜನ ಇದಕ್ಕೆ ಬೀಳಬಾರದು ಅಂತ ಸರಕಾರ ಯೋಚಿಸುವುದರಲ್ಲೂ ತಪ್ಪಿಲ್ಲ, ನಾನೂ ಮಾವನ ಮಗನಿಗೆ ಅದನ್ನೇ ಹೇಳಿದ್ದು. ನನ್ನ ತಕರಾರು ಆದಾಯ ಅನ್ನುವ ಶಬ್ದದ ಬಗ್ಗೆ. ಆದಾಯವೇ ಇಲ್ಲದ ಕಡೆ ಆದಾಯ ತೆರಿಗೆ ಹೇಗೆ?

ಕಳ್ಳ ನಷ್ಟ ತೋರಿಸುತ್ತಾರೆ, ಅದಕ್ಕೇ ಈ ನಿಯಮ ಅಂತ ಒಂದು ವಾದ ಇದೆ. ಟಿಡಿಎಸ್ ಬರುವ ಮೊದಲು ಆ ವಾದಕ್ಕೆ ತೂಕ ಇತ್ತು. ಈಗ ಎಕ್ಸ್‌ಚೇಂಜಿನ ಪ್ರತಿ ಮಾರಾಟವೂ ಪ್ಯಾನ್ ಸಮೇತ ಇಲಾಖೆಗೆ ಹೋಗುತ್ತದೆ. ಲಾಭವನ್ನು ನಂಬುವ ಅದೇ ದಾಖಲೆಯಲ್ಲಿ ನಷ್ಟವೂ ಇದೆ, ಅದನ್ನು ಮಾತ್ರ ಯಾಕೆ ನಂಬುವುದಿಲ್ಲ? ಹೊರದೇಶದ ಆ್ಯಪ್‌ನ, ಕೈಯಿಂದ ಕೈಗೆ ಮಾರಿದ ನಷ್ಟವನ್ನು ಒಪ್ಪಬೇಡಿ. ಟಿಡಿಎಸ್ ಹಿಡಿದ ಮಾರಾಟದ ನಷ್ಟವನ್ನಾದರೂ ಅದೇ ವರ್ಷದ ಕ್ರಿಪ್ಟೋ ಲಾಭದ ಎದುರು ಕಳೆಯಲು ಬಿಡಿ. ಸಂಬಳದ ಎದುರು ಬೇಡ, ಅಂಗಡಿ ಆದಾಯದ ಎದುರು ಬೇಡ, ಮುಂದಿನ ವರ್ಷಕ್ಕೂ ಬೇಡ. ಹಾಗೆ ಮಾಡಿದರೆ ಹುಡುಗರು ಟಿಡಿಎಸ್ ಇರುವ ಕಡೆಗೇ ಬರುತ್ತಾರೆ, ಈಗ ಅದರಿಂದ ಓಡುತ್ತಿದ್ದಾರೆ.

ಇದು ಆಗದ ಕೆಲಸವೇನೂ ಅಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ 2023ರಲ್ಲಿ ಇದೇ ಸರಕಾರ ತೆರಿಗೆ ನಿಯಮ ಮಾಡಿತು. ಅಲ್ಲೂ ಶೇಕಡಾ 30. ಆದರೆ ಅಲ್ಲಿ ತೆರಿಗೆ ನಿವ್ವಳ ಗೆಲುವಿಗೆ. ವರ್ಷದಲ್ಲಿ ಹಿಂದೆ ತೆಗೆದದ್ದು ಮತ್ತು ಕೊನೆಗೆ ಖಾತೆಯಲ್ಲಿ ಉಳಿದದ್ದು ಕೂಡಿಸಿ, ಅದರಿಂದ ಹಾಕಿದ ಹಣ ಮತ್ತು ವರ್ಷದ ಶುರುವಿನಲ್ಲಿ ಇದ್ದದ್ದು ಕಳೆದು, ಉಳಿದದ್ದಕ್ಕೆ ಮಾತ್ರ. ಅಂದರೆ ರಮ್ಮಿಯಲ್ಲಿ ಸೋತದ್ದನ್ನು ಗೆದ್ದದ್ದರಿಂದ ಕಳೆಯಲು ಕಾನೂನು ಬಿಟ್ಟಿತ್ತು. 2025ರ ಆಗಸ್ಟ್‌ನಲ್ಲಿ ಅಂತಹ ಆಟಗಳನ್ನೇ ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ಪಾಸು ಮಾಡಿತು, ಅದು ಬೇರೆ. ನಿಷೇಧ ಮಾಡುವಷ್ಟು ಕೆಟ್ಟದ್ದು ಅಂತ ಕಂಡ ಆಟಕ್ಕೆ ಕೂಡಿಸಿ ಕಳೆಯುವ ಲೆಕ್ಕ ಇತ್ತು, ನಿಷೇಧ ಮಾಡದ ಕ್ರಿಪ್ಟೋಗೆ ಇಲ್ಲ. ಇದಕ್ಕೆ ಯಾರಾದರೂ ಕಾರಣ ಹೇಳಿದರೆ ನಾನು ಕೇಳಲಿಕ್ಕೆ ತಯಾರಿದ್ದೇನೆ.

ಮಾವನ ಮಗ ಅಂಗಡಿಯ ಸ್ಟಾಕ್ ಹಣದಿಂದ 32,440 ಮತ್ತು ಬಡ್ಡಿ ಕಟ್ಟಿದ. ITR-3 ಹಾಕಿದ. ಎಕ್ಸ್‌ಚೇಂಜಿನಿಂದ ವರ್ಷದ ವ್ಯವಹಾರದ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿಸಿ, ಅದರ ಪ್ರಿಂಟ್ ತೆಗೆದು ಅವನ ಅಂಗಡಿಯ ಫೈಲಿನಲ್ಲಿ ನಾನೇ ಹಾಕಿಸಿದೆ. 1,80,000ಕ್ಕೆ ತಿರುಗಿ ಕೊಂಡ ಆ ಕಾಯಿನ್ ಇನ್ನೂ ಅವನ ಹತ್ತಿರ ಇದೆ. ಮೊನ್ನೆ ಸಿಕ್ಕಿದಾಗ ರೇಟ್ ಎಷ್ಟಾಯಿತು ಅಂತ ಕೇಳಿದೆ. "ಏರುತ್ತಾ ಉಂಟು ಕಾಕ" ಅಂದ, ಯಾರೋ ಸತ್ತ ಸುದ್ದಿ ಹೇಳುವ ಮುಖ ಮಾಡಿಕೊಂಡು.